ನೀವೇ ಬರೆದದ್ದಕ್ಕೆ ‘ಎಐ ಬರಹ’ದ ಮುದ್ರೆ ಬಿದ್ದರೆ: ಕಾರಣ ಹುಡುಕುವ ಬಗೆ

ರಜೆ ಅರ್ಜಿಯೊಂದನ್ನು ಓದುತ್ತಾ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ’ ಎಂಬಲ್ಲಿಗೆ ಬಂದಾಗ ಮುಂದಿನ ಪದವನ್ನು ಬೆರಳಿನಿಂದ ಮುಚ್ಚಿ. ಅದು ‘ಕೋರಿಕೊಳ್ಳುವುದೇನೆಂದರೆ’ ಅಥವಾ ‘ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಯಾರು ಬೇಕಾದರೂ ಹೇಳಿಬಿಡುತ್ತಾರೆ. ಎಐ ಪತ್ತೆ ಸಾಧನಗಳಲ್ಲಿ ಹಲವು ಆಡುವುದೂ ಇದೇ ಆಟ. ಪ್ರತಿ ಪದವನ್ನೂ ಭಾಷಾ ಮಾದರಿಯೊಂದು ಊಹಿಸುತ್ತದೆ. ಊಹೆ ಸಲೀಸಾದಷ್ಟೂ ಬರಹದ ‘ಪರ್ಪ್ಲೆಕ್ಸಿಟಿ’ ಅಂಕ ಇಳಿಯುತ್ತದೆ. ಯಂತ್ರ ಬರೆಯುವಾಗ ಹೆಚ್ಚಾಗಿ ಸುಲಭಕ್ಕೆ ಹೊಳೆಯುವ ಪದಗಳನ್ನೇ ಆಯುತ್ತದೆ. ಹಾಗಾಗಿ ಅಂಕ ಕಡಿಮೆಯಿದ್ದರೆ ಸಾಧನಕ್ಕೆ ಯಂತ್ರದ ಮೇಲೆಯೇ ಅನುಮಾನ.

ಲೆಕ್ಕ ಹೀಗೆ. ನಾಲ್ಕು ಪದಗಳ ವಾಕ್ಯದಲ್ಲಿ ಪದಗಳ ಸಂಭವ ಕ್ರಮವಾಗಿ 1/2, 1/4, 1/2, 1/4 ಎಂದುಕೊಳ್ಳೋಣ. ಗುಣಿಸಿದರೆ 1/64. ಅದನ್ನು ತಿರುಗಿಸಿ 64ರ ನಾಲ್ಕನೇ ಮೂಲ ತೆಗೆದರೆ ಪರ್ಪ್ಲೆಕ್ಸಿಟಿ ಸುಮಾರು 2.8. ಮೂರನೇ ಪದದ ಜಾಗದಲ್ಲಿ ನೂರಕ್ಕೊಮ್ಮೆ ಬರುವ ಪದವಿಟ್ಟರೆ ಅದೇ ಅಂಕ 7.5ಕ್ಕೆ ಏರುತ್ತದೆ. ಒಂದು ಪದಕ್ಕೆ ಇಷ್ಟು ತೂಕ!

ಪೆಟ್ಟು ಬೀಳುವುದು ಸರಳವಾಗಿ ಬರೆಯುವವರಿಗೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಕೊಟ್ಟಾಗ, ಸರಾಸರಿ ಶೇ 61ರಷ್ಟನ್ನು ಎಐ ಬರಹವೆಂದು ತಪ್ಪಾಗಿ ಗುರುತಿಸಲಾಯಿತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಇಂಥ ತಪ್ಪು ತೀರಾ ವಿರಳ. ತಮಾಷೆಯೆಂದರೆ, ಆ ಟೋಫೆಲ್ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದಲೇ ತಿದ್ದಿಸಿದಾಗ ತಪ್ಪು ಬಹಳಷ್ಟು ಇಳಿಯಿತು.

ಈಗ ರಸಾಯನಶಾಸ್ತ್ರದ ಟೈಟ್ರೇಷನ್ ಪ್ರಯೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ವರದಿಯೊಂದಕ್ಕೆ ಮುದ್ರೆ ಬಿದ್ದಿದೆ ಎಂದುಕೊಳ್ಳಿ.

ಮೊದಲು, ಸಾಧನ ಬಣ್ಣ ಹಚ್ಚಿದ ವಾಕ್ಯಗಳನ್ನು ಬೇರೆ ಮಾಡಿ. ಉದ್ದೇಶ, ತತ್ವ, ವಿಧಾನದ ಸಾಲುಗಳೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಪಿಪೆಟ್‌ನಲ್ಲಿ 20 ಮಿ.ಲೀ. ದ್ರಾವಣ ತೆಗೆದು ಕೋನಿಕಲ್ ಫ್ಲಾಸ್ಕಿಗೆ ಹಾಕಿದ್ದನ್ನು ಎಲ್ಲರೂ ಒಂದೇ ಥರ ಬರೆಯುತ್ತಾರೆ.

ಆಮೇಲೆ ಬೆರಳಿನ ಪರೀಕ್ಷೆ ಮಾಡಿ. ಮುಚ್ಚಿದ ಹತ್ತು ಪದಗಳಲ್ಲಿ ಏಳೆಂಟನ್ನು ಸಹಪಾಠಿ ಊಹಿಸಿದರೆ ಕಾರಣ ಸಿಕ್ಕಿತು. ವಾಕ್ಯಗಳ ಪದ ಎಣಿಸುವುದೂ ಒಳ್ಳೆಯದು. ಎಲ್ಲವೂ 12ರಿಂದ 15 ಪದಗಳಲ್ಲೇ ನಿಂತಿದ್ದರೆ, ಏರಿಳಿತವನ್ನೂ ಅಳೆಯುವ ಸಾಧನಗಳಿಗೆ ಅನುಮಾನ ಇನ್ನಷ್ಟು.

ತಿದ್ದುವಾಗ ಸಮಾನಾರ್ಥಕ ಪದ ತುರುಕಬೇಡಿ. ‘ಡಿಸಾಲ್ವ್’ ಬದಲು ‘ಮೆಲ್ಟ್’ ಎಂದರೆ ಅಂಕ ಏರಬಹುದು, ರಸಾಯನಶಾಸ್ತ್ರ ಮಾತ್ರ ಕೆಡುತ್ತದೆ. ವಿಧಾನವನ್ನು ಹಾಗೇ ಬಿಟ್ಟು ಫಲಿತಾಂಶದ ಚರ್ಚೆಯನ್ನು ಬೆಳೆಸಿ: ಮೊದಲ ರೀಡಿಂಗ್ ಏಕೆ ಹೊಂದಲಿಲ್ಲ, ಬ್ಯೂರೆಟ್ ತುದಿಯಲ್ಲಿ ಗಾಳಿಗುಳ್ಳೆ ಉಳಿದಿತ್ತೇ, ಬಣ್ಣ ಬದಲಾದ ಮೇಲೂ ಹನಿ ಬಿತ್ತೇ. ಅದು ನಿಮ್ಮ ಮೇಜಿನ ಮೇಲಷ್ಟೇ ನಡೆದದ್ದು, ಊಹಿಸುವುದು ಕಷ್ಟ.

ಇಷ್ಟಾದರೂ ಮುದ್ರೆ ಹೋಗದಿರಬಹುದು. ಆಗ ಅಧ್ಯಾಪಕರ ಮುಂದೆ ಇಡಬೇಕಾದ್ದು ಕಚ್ಚಾ ರೀಡಿಂಗ್ ಬರೆದ ಹಾಳೆ ಮತ್ತು ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸ. ಯಾವ ಸಾಲು ಯಾವ ಹೊತ್ತಿಗೆ ಟೈಪಾಯಿತು, ಎಲ್ಲಿ ಅಳಿಸಿ ಮತ್ತೆ ಬರೆದಿರಿ ಎಂಬುದು ಅದರಲ್ಲಿ ಕಾಣುತ್ತದೆ.