ಮೂರು ಮಾತ್ರೆಗೂ ಬಗ್ಗದ ಬಿಪಿ, ರಾತ್ರಿ ಕಟ್ಟುವ ಉಸಿರು

ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಲಿಡೋನ್ ಮೂರನ್ನೂ ತಪ್ಪದೆ ನುಂಗಿಯೂ ಬಿಪಿ 160ರ ಹತ್ತಿರವೇ ಇದ್ದರೆ ನಾನು ನಾಲ್ಕನೇ ಮಾತ್ರೆ ಬರೆಯುವ ಮೊದಲು ನಿದ್ದೆಯ ಬಗ್ಗೆ ಕೇಳುತ್ತೇನೆ. ರೋಗಿಯನ್ನಲ್ಲ, ಪಕ್ಕದಲ್ಲಿ ಮಲಗುವವರನ್ನು.

ಐವತ್ತು ದಾಟಿದ ಒಬ್ಬರು ಬಂದಿದ್ದರು. ದಪ್ಪ ಕತ್ತು, ಆಗಾಗ ಎದೆ ಡವಡವ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಯ ಬಡಿತ ಲಯ ತಪ್ಪಿರುವುದು ಸಿಕ್ಕಿತು. "ಡಾಕ್ಟ್ರೇ, ಗೊರಕೆಗೆ ನಾನು ಹೆದರಲ್ಲ, ಅದು ನಿಂತು ಹೋಗುತ್ತಲ್ಲ, ಆಗಲೇ ಭಯ" ಅಂದರು ಹೆಂಡತಿ.

ಮೊದಲು 24 ಗಂಟೆಯ ಬಿಪಿ ಮಾನಿಟರ್ ಕಟ್ಟಿಸಿದೆ. ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಇಳಿಯಬೇಕು. ಇವರದ್ದು ಹಗಲು 158/98, ರಾತ್ರಿ 162/100. ಆಮೇಲೆ ಮನೆಯಲ್ಲೇ ನಿದ್ದೆಯ ಪರೀಕ್ಷೆ ಮಾಡಿಸಿದೆವು. ಗಂಟೆಗೆ 42 ಸಲ ಉಸಿರು ನಿಲ್ಲುವುದೋ ತೀರಾ ಕಡಿಮೆಯಾಗುವುದೋ ಆಗುತ್ತಿತ್ತು (30 ದಾಟಿದರೆ ತೀವ್ರ), ರಕ್ತದ ಆಮ್ಲಜನಕ ಶೇ. 71ಕ್ಕೆ ಇಳಿದಿತ್ತು.

ಇದು ಸ್ಲೀಪ್ ಆಪ್ನಿಯಾ: ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವುದು. ಗಂಟಲು ಮುಚ್ಚಿಕೊಂಡಾಗ ಎದೆ ಗಾಳಿಗಾಗಿ ಜೋರಾಗಿ ಎಳೆಯುತ್ತದೆ. ಒಳಗೆ ಗಾಳಿ ಬರದೇ ಇರುವುದರಿಂದ ಆ ಎಳೆತ ಹೃದಯದ ಮೇಲ್ಕೋಣೆಯನ್ನೇ ಹಿಗ್ಗಿಸುತ್ತದೆ, ಲಯ ತಪ್ಪುವುದಕ್ಕೆ ಅದೂ ಒಂದು ಕಾರಣ. ಆಮ್ಲಜನಕ ಇಳಿದಂತೆ ಅಡ್ರಿನಲಿನ್ ಏರಿ ರಕ್ತನಾಳ ಬಿಗಿಯುತ್ತವೆ, ಎಚ್ಚರವಾದ ಕ್ಷಣ ಬಿಪಿ ಹಾರುತ್ತದೆ. ರಾತ್ರಿಯಿಡೀ ಹೀಗೇ ಆದರೆ ಹಗಲಲ್ಲೂ ಬಿಗಿತ ಉಳಿಯುತ್ತದೆ.

ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಮಷಿನ್ ಶುರು ಮಾಡಿದೆವು. ಬಾಯಿ ತೆರೆದು ಮಲಗುತ್ತಿದ್ದ ಅವರಿಗೆ ಮೂಗಿನ ಮಾಸ್ಕ್ ಸೋರಿ, ಬೆಳಿಗ್ಗೆ ಬಾಯಿ ಒಣಗಿ, ಸಾಕಾಗಿ ತೆಗೆದಿಟ್ಟಿದ್ದರು. ಅದು ಮಷಿನ್‌ನ ದಾಖಲೆಯಲ್ಲೇ ಗೊತ್ತಾಯಿತು: ರಾತ್ರಿಗೆ ಎರಡು ಗಂಟೆಯೂ ಬಳಕೆ ಇಲ್ಲ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್, ಜೊತೆಗೆ ಹ್ಯುಮಿಡಿಫೈಯರ್ ಕೊಟ್ಟ ಮೇಲೆ ಐದಾರು ಗಂಟೆ ಹಾಕತೊಡಗಿದರು. ಬಳಕೆಯ ಗಂಟೆ ನೋಡದೆ "ಸಿಪ್ಯಾಪ್ ಕೆಲಸ ಮಾಡಲಿಲ್ಲ" ಅನ್ನಬಾರದು.

ಆದರೂ ಜಾಸ್ತಿ ನಿರೀಕ್ಷೆ ಬೇಡ. ಸಿಪ್ಯಾಪ್‌ನಿಂದ ಬಿಪಿ ಸರಾಸರಿ 2–3 ಅಂಕ ಇಳಿಯುತ್ತದೆ, ಮಾತ್ರೆಗೆ ಬಗ್ಗದವರಲ್ಲಿ ಸ್ವಲ್ಪ ಹೆಚ್ಚು. ಅದಕ್ಕೇ ಇವರಿಗೆ ನಾಲ್ಕನೇ ಬಿಪಿ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ 25 ಮಿ.ಗ್ರಾಂ ಸೇರಿಸಿ, ಪೊಟ್ಯಾಸಿಯಂ ನೋಡುತ್ತಾ ಹೋದೆ. ತೂಕವೂ ಇಳಿಯಿತು. ಮೂರು ತಿಂಗಳಲ್ಲಿ ರಾತ್ರಿ ಬಿಪಿ 134/82ಕ್ಕೆ ಬಂತು, ಡವಡವವೂ ಕಡಿಮೆಯಾಯಿತು. ಇಷ್ಟರಲ್ಲಿ ಸಿಪ್ಯಾಪ್‌ನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್‌ಗಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯ ಲೆಕ್ಕವೇ ಬೇರೆ, ಮಾಸ್ಕ್ ಹಾಕುತ್ತಿದ್ದಾರೆ ಅಂತ ಅದನ್ನು ನಿಲ್ಲಿಸುವ ಹಾಗಿಲ್ಲ.

ಮಷಿನ್ ಆರಿಸುವ ಮೊದಲು ಎಕೋ ಮಾಡಿಸಿದ್ದೆ. ಇವರ ಹೃದಯದ ಪಂಪಿಂಗ್ ಶೇ. 55 ಇತ್ತು. ಹೃದಯ ವೈಫಲ್ಯ ಇರುವವರಲ್ಲಿ ಗಂಟಲು ಮುಚ್ಚದೇ, ಮೆದುಳಿನ ಸೂಚನೆಯೇ ತಪ್ಪಿ ಉಸಿರು ನಿಲ್ಲುವುದೂ ಇದೆ. ಅಂಥವರಿಗೆ ಪಂಪಿಂಗ್ 45 ಅಥವಾ ಅದಕ್ಕೂ ಕಡಿಮೆ ಇದ್ದಾಗ ಉಸಿರಿಗೆ ತಕ್ಕಂತೆ ಗಾಳಿಯ ಒತ್ತಡ ಬದಲಿಸುವ ಎಎಸ್‌ವಿ ಅನ್ನುವ ಮಷಿನ್ ಕೊಟ್ಟು ನೋಡಿದ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ (2015) ಹೃದಯದ ಸಾವುಗಳು ಹೆಚ್ಚಾದವು. ಹಾಗಾಗಿ ಎಕೋ ಇಲ್ಲದೆ ನಾನು ಮಷಿನ್ ಬರೆಯುವುದಿಲ್ಲ.