ಠರಾವಿನಲ್ಲಿ ಕಾರಣ ಬೇರೆ ಇರಲಿ, ತೀರ್ಮಾನ ಬೇರೆ ಇರಲಿ

ಆಡಳಿತ ಮಂಡಳಿಯ ಸಭೆಗೆ ಬರುವ ಠರಾವಿನ ಕರಡು ಹೆಚ್ಚಾಗಿ ಹೀಗಿರುತ್ತದೆ:

“ಈಗಿನ ಗೋದಾಮಿನ ಬಾಡಿಗೆ ಅವಧಿ ಮುಗಿಯಲಿರುವುದರಿಂದ, ಹೊಸ ಗೋದಾಮಿಗೆ ಕಾರ್ಯದರ್ಶಿಯವರು ಕೊಟ್ಟಿರುವ ಮುಂಗಡವನ್ನು ಒಪ್ಪಿ, ಸದರಿ ಗೋದಾಮನ್ನು ಸೂಕ್ತ ಬಾಡಿಗೆಗೆ ಪಡೆಯಲು ವ್ಯವಸ್ಥಾಪಕ ನಿರ್ದೇಶಕರು ಮತ್ತು/ಅಥವಾ ಖಜಾಂಚಿಯವರು ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.”

ಸಭೆಯಲ್ಲಿ ಓದಿದಾಗ ಯಾರೂ ತಕರಾರು ತೆಗೆಯುವುದಿಲ್ಲ. ಲೆಕ್ಕ ಪರಿಶೋಧಕರು ಬಂದು “ಮುಂಗಡಕ್ಕೆ ಒಪ್ಪಿಗೆ ಎಲ್ಲಿದೆ? ಎಷ್ಟಕ್ಕೆ?” ಎಂದು ಕೇಳಿದಾಗ ಎಲ್ಲರೂ ಇದೇ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಾರೆ.

ಇದನ್ನು ತಿದ್ದುವುದು ಹೀಗೆ. ಮೊದಲು ಕರಡನ್ನು ಕಾಗದದ ಮೇಲೆ ತೆಗೆದುಕೊಂಡು ಕಾರಣಗಳಿಗೆ ಒಂದು ಬಣ್ಣ, ತೀರ್ಮಾನಗಳಿಗೆ ಇನ್ನೊಂದು ಬಣ್ಣ ಹಾಕಿ.

ಎಲ್ಲರೂ ಎಡವುವುದು ಇಲ್ಲೇ. ಕೊನೆಯ “ತೀರ್ಮಾನಿಸಲಾಯಿತು” ಒಂದಕ್ಕೇ ಬಣ್ಣ ಬಳಿದು ಮುಗಿಸಿಬಿಡುತ್ತಾರೆ. ನಡುವೆ ಇರುವ “ಒಪ್ಪಿ”, “ಅಂಗೀಕರಿಸಿ”, “ರದ್ದುಪಡಿಸಿ” ಎಂಬ ಅರ್ಧ ಕ್ರಿಯಾಪದಗಳ ಒಳಗೂ ಪೂರ್ತಿ ತೀರ್ಮಾನ ಅಡಗಿರುತ್ತದೆ. ಹೀಗಾಗಿ ಪ್ರತಿ ತುಣುಕಿಗೂ ಒಂದು ಪ್ರಶ್ನೆ ಕೇಳಿ: ಈ ಮಾತನ್ನು ತೆಗೆದರೆ ಯಾರದ್ದಾದರೂ ಅಧಿಕಾರ, ಹೊಣೆ ಅಥವಾ ಹಣದ ಸ್ಥಿತಿ ಬದಲಾಗುತ್ತದಾ? ಬದಲಾದರೆ ಅದು ತೀರ್ಮಾನ. ಬಾಡಿಗೆ ಅವಧಿ ಮುಗಿಯುತ್ತಿದೆ ಎಂಬ ಮಾತು ತೆಗೆದರೆ ಯಾರಿಗೂ ಏನೂ ಆಗುವುದಿಲ್ಲ. “ಮುಂಗಡವನ್ನು ಒಪ್ಪಿ” ತೆಗೆದರೆ ಕಾರ್ಯದರ್ಶಿಯವರು ಮಂಡಳಿಯ ಅನುಮತಿ ಇಲ್ಲದೆ ಹಣ ಕೊಟ್ಟಂತಾಗುತ್ತದೆ. ಹಾಗಾಗಿ ಆ ಮಾತು ಘಟನೋತ್ತರ ಮಂಜೂರಾತಿ, ಅಂದರೆ ಕೆಲಸ ಆದ ಮೇಲೆ ಕೊಡುವ ಒಪ್ಪಿಗೆ. ಅದಕ್ಕೆ ತನ್ನದೇ ಖಂಡ ಬೇಕು, ಮೊತ್ತ ಮತ್ತು ದಿನಾಂಕದ ಸಮೇತ.

ಕಾರಣಗಳೆಲ್ಲ ಮೇಲೆ ಪೀಠಿಕೆಯಲ್ಲಿರಲಿ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಾಖಲೆಯಲ್ಲಿ ತೋರಿಸಬಹುದಾದ ಸಂಗತಿ ಎರಡೋ ಮೂರೋ ಇದ್ದರೆ ಸಾಕು. ಹೊಗಳಿಕೆ, ಚರ್ಚೆಯ ಸಾರ ಯಾವುದೂ ಬೇಡ. ಚರ್ಚೆಗೆ ನಡಾವಳಿ ಪುಸ್ತಕವಿದೆ.

ಈಗ ತೀರ್ಮಾನಗಳನ್ನು ಬಿಡಿಸಿ ಬರೆಯಿರಿ:

“ಮಂಡಳಿಯು ಈ ಕೆಳಗಿನಂತೆ ತೀರ್ಮಾನಿಸಿದೆ:

1. ಅನುಬಂಧ-1ರಲ್ಲಿ ವಿಳಾಸವಿರುವ ಗೋದಾಮಿನ ಮಾಲೀಕರಿಗೆ ಕಾರ್ಯದರ್ಶಿಯವರು ಮಾರ್ಚ್ 4ರಂದು ಪಾವತಿಸಿದ 50,000 ಮುಂಗಡಕ್ಕೆ ಘಟನೋತ್ತರ ಮಂಜೂರಾತಿ ನೀಡಿದೆ.

2. ಆ ಗೋದಾಮನ್ನು 36 ತಿಂಗಳ ಅವಧಿಗೆ, ತೆರಿಗೆ ಸೇರಿ ತಿಂಗಳಿಗೆ 40,000 ಮೀರದ ಬಾಡಿಗೆಗೆ, ಅನುಬಂಧ-2ರ ಕರಾರಿನಂತೆ ಪಡೆಯಲು ಒಪ್ಪಿದೆ.

3. ಕರಾರಿಗೆ ಜೂನ್ 30ರೊಳಗೆ ಸಹಿ ಮಾಡಲು ವ್ಯವಸ್ಥಾಪಕ ನಿರ್ದೇಶಕರು ಮತ್ತು ಖಜಾಂಚಿಯವರಿಗೆ ಜಂಟಿಯಾಗಿ ಅಧಿಕಾರ ನೀಡಿದೆ.”

ನಿಮ್ಮ ಠರಾವಿನಲ್ಲಿ ಮೊತ್ತದ ಜೊತೆ ರೂಪಾಯಿ ಎಂಬುದನ್ನೂ ಬರೆಯಿರಿ, ಅಂಕಿಯ ಪಕ್ಕ ಅಕ್ಷರದಲ್ಲೂ ಇರಲಿ. “ಸೂಕ್ತ ಬಾಡಿಗೆ” ಹೋಗಿ ಮಿತಿ ಬಂತು. ತೆರಿಗೆ ಸೇರಿಯೋ ಬಿಟ್ಟೋ ಎಂದು ಹೇಳದಿದ್ದರೆ ಆ ಮಿತಿಯೂ ಜಗಳಕ್ಕೆ ದಾರಿ. “ಮತ್ತು/ಅಥವಾ” ಎಂಬುದನ್ನಂತೂ ಎಲ್ಲಿ ಕಂಡರೂ ಹೊಡೆದುಹಾಕಿ. ಒಬ್ಬರ ಸಹಿ ಸಾಕಾ, ಇಬ್ಬರದ್ದೂ ಬೇಕಾ ಎಂದು ಮಾಲೀಕರ ವಕೀಲರು ಕೇಳಿಯೇ ಕೇಳುತ್ತಾರೆ. ಇಬ್ಬರೂ ಬೇಕಾದರೆ “ಜಂಟಿಯಾಗಿ”, ಒಬ್ಬರು ಸಾಕಾದರೆ “ಇಬ್ಬರಲ್ಲಿ ಯಾರಾದರೊಬ್ಬರು”.

ಸಿದ್ಧ ನಮೂನೆಗಳಲ್ಲಿ ಕೊನೆಗೆ “ಎಲ್ಲ ಅಗತ್ಯ ಕ್ರಮ ಕೈಗೊಳ್ಳಲು” ಎಂಬ ಸಾಲು ಇದ್ದೇ ಇರುತ್ತದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಬೇಕೇ ಬೇಕು ಅಂದರೆ “2ನೇ ಖಂಡದ ಜಾರಿಗೆ, ಬಾಡಿಗೆ ಮತ್ತು ಅವಧಿ ಬದಲಾಗದಂತೆ” ಎಂದು ಕಟ್ಟಿಹಾಕಿ. ಹೋದ ವರ್ಷದ ಠರಾವನ್ನು ನಕಲು ಮಾಡಿ ಹೆಸರು ಬದಲಿಸುವ ಸುಲಭದ ದಾರಿಯೂ ಬೇಡ. ಹಳೆಯ ದಿನಾಂಕವೋ ಹಳೆಯ ಮಿತಿಯೋ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ.

ಇನ್ನು ಪರೀಕ್ಷೆ. ಪೀಠಿಕೆಯನ್ನು ಕೈಯಲ್ಲಿ ಮುಚ್ಚಿ ಖಂಡಗಳನ್ನಷ್ಟೇ ಓದಿ. ಹೊರಗೆ ಕೊಡುವ ದೃಢೀಕೃತ ಪ್ರತಿಯಲ್ಲಿ ಎಷ್ಟೋ ಸಲ ಅಷ್ಟೇ ಇರುತ್ತದೆ. “ಸದರಿ ಗೋದಾಮು” ಎಂದರೆ ಯಾವುದು ಎಂದು ಗೊತ್ತಾಗದಿದ್ದರೆ ವಿವರ ಪೀಠಿಕೆಯಲ್ಲೇ ಉಳಿದಿದೆ ಎಂದರ್ಥ. ಅದನ್ನು ಕೆಳಗೆ ತನ್ನಿ.

ಗೋದಾಮು ಬೇಕು, ಆದರೆ ಕೇಳದೆ ಮುಂಗಡ ಕೊಟ್ಟಿದ್ದು ತಪ್ಪು ಎನ್ನುವ ಸದಸ್ಯರು ಇರಬಹುದು, ಅಲ್ವಾ? ಅಂಥ ಸೂಚನೆ ಸಿಕ್ಕರೆ 1ನೇ ಖಂಡವನ್ನು ಬೇರೆ ಠರಾವಾಗಿಯೇ ಮಂಡಿಸಿ, ಅದಕ್ಕೆ ಪ್ರತ್ಯೇಕ ಮತ ಹಾಕಿಸಿ.