ಅಡಿಕೆ ದರಕ್ಕೆ ಬಡ್ಡಿಯನ್ನು ತಳಕು ಹಾಕಿದರೆ ಸಾಲ ಯಾವ ವರ್ಗಕ್ಕೆ?

ಶಿವಮೊಗ್ಗದ ಒಂದು ಫೈನಾನ್ಸ್ ಕಂಪನಿ ಹಣಕಾಸು ಆಸ್ತಿಗಳ ಲೆಕ್ಕದ ಭಾರತೀಯ ಮಾನದಂಡವಾದ ಇಂಡ್ ಎಎಸ್ 109ರಂತೆ ಲೆಕ್ಕ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಅದು ಮಂಡಿ ವ್ಯಾಪಾರಿಗಳಿಬ್ಬರಿಗೆ ತಲಾ 10 ಲಕ್ಷ ರೂಪಾಯಿಯನ್ನು 3 ವರ್ಷಕ್ಕೆ, 9% ಬಡ್ಡಿಗೆ ಕೊಟ್ಟಿದೆ. ಬಡ್ಡಿ ವರ್ಷಕ್ಕೊಮ್ಮೆ, ಅಸಲು ಕೊನೆಗೆ. ಎರಡನೆಯ ಕರಾರಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿದೆ: ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ದಾಟಿದರೆ, ಆಮೇಲಿನ ಪ್ರತಿ 5,000ಕ್ಕೆ 1% ಹೆಚ್ಚುವರಿ ಬಡ್ಡಿ.

ಮೊದಲು ಕರಾರು ಓದಿ. ಈ ಮೊದಲ ಪರೀಕ್ಷೆಯಲ್ಲಿ ಬಿದ್ದ ಸಾಲಕ್ಕೆ ಮುಂದಿನ ಹೆಜ್ಜೆಯೇ ಬೇಕಿಲ್ಲ. ಬರುವ ಹಣ ಅಸಲು ಮತ್ತು ಬಾಕಿ ಅಸಲಿನ ಮೇಲಿನ ಬಡ್ಡಿ ಮಾತ್ರವೇ? ಬಡ್ಡಿ ಎಂದರೆ ಮುಖ್ಯವಾಗಿ ಹಣಕ್ಕಾಗಿ ಕಾದಿದ್ದಕ್ಕೆ, ಸಾಲ ಮುಳುಗುವ ಅಪಾಯಕ್ಕೆ, ಸಾಲ ನಿರ್ವಹಿಸುವ ಖರ್ಚು-ಲಾಭಕ್ಕೆ ಸಿಗುವ ಪ್ರತಿಫಲ. ಅಡಿಕೆ ಬೆಲೆ ಏರಿದ್ದಕ್ಕೆ ಸಿಗುವ ಪಾಲು ಬಡ್ಡಿಯಲ್ಲ. ಹಾಗಾಗಿ ಎರಡನೆಯ ಸಾಲ ಇಲ್ಲಿಯೇ ಬೀಳುತ್ತದೆ.

ಸಾಲ ಕೊಡುವಾಗ ದರ 50,000ಕ್ಕಿಂತ ಕೆಳಗಿತ್ತಲ್ಲ ಎಂಬ ವಾದ ನಡೆಯದು. ಆ ಷರತ್ತಿನ ಪರಿಣಾಮ ತೀರಾ ಕ್ಷುಲ್ಲಕವಾಗಿದ್ದರೆ, ಇಲ್ಲವೇ ಅದು ಜಾರಿಗೆ ಬರುವುದು ಅತ್ಯಂತ ಅಪರೂಪದ, ಅಸಹಜ ಘಟನೆಯಲ್ಲಿ ಮಾತ್ರವಾಗಿದ್ದರೆ ಕಡೆಗಣಿಸಬಹುದು. ಅಡಿಕೆ ದರದ ಏರಿಳಿತ ಅಂಥದ್ದಲ್ಲ. ಬರಿಯ ಅಡಮಾನಕ್ಕೆ ಅಡಿಕೆ ಮೂಟೆ ಇಟ್ಟುಕೊಂಡರೆ ಮಾತು ಬೇರೆ, ಅದರಿಂದ ಸಾಲ ಬೀಳುವುದಿಲ್ಲ. ಆದರೆ ವಸೂಲಿಗೆ ಆ ಮೂಟೆ ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಕರಾರಿದ್ದರೆ ಇನ್ನಷ್ಟು ಆಳಕ್ಕೆ ನೋಡಬೇಕು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು, 9% ಸಾಲವನ್ನು, ಆದಾಯವನ್ನು ನಿಜವಾದ ದರದಲ್ಲಿ ವರ್ಷವರ್ಷಕ್ಕೆ ಹಂಚುವ ಅಮಾರ್ಟೈಸ್ಡ್ ಕಾಸ್ಟ್‌ನಲ್ಲಿಟ್ಟು ಅಡಿಕೆ ಷರತ್ತನ್ನಷ್ಟೇ ಡೆರಿವೇಟಿವ್, ಅಂದರೆ ಬೇರೊಂದರ ಬೆಲೆಗೆ ತಕ್ಕಂತೆ ಬದಲಾಗುವ ಕರಾರು, ಎಂದು ಬೇರ್ಪಡಿಸುವುದು. ಹಣಕಾಸು ಆಸ್ತಿಯಲ್ಲಿ ಹಾಗೆ ಬಿಡಿಸುವಂತಿಲ್ಲ. ಇಡೀ 10 ಲಕ್ಷ ಫೇರ್ ವ್ಯಾಲ್ಯೂಗೆ, ಅಂದರೆ ಆಯಾ ದಿನದ ಮಾರುಕಟ್ಟೆ ಮೌಲ್ಯಕ್ಕೆ ಹೋಗುತ್ತದೆ, ಅದರ ಏರಿಳಿತ ಲಾಭ-ನಷ್ಟದಲ್ಲಿ ಕಾಣುತ್ತದೆ. ಸಾಲ ಮುಳುಗುವ ಅಪಾಯವೂ ಆ ಮೌಲ್ಯದೊಳಗೇ ಸೇರಿರುವುದರಿಂದ ಮುಂದೆ ಆಗಬಹುದಾದ ನಷ್ಟಕ್ಕೆ ಎತ್ತಿಡುವ ಪ್ರತ್ಯೇಕ ಇಸಿಎಲ್ ಪ್ರಾವಿಷನ್ ಬೇಡ. ಎರಡೂ ಹಾಕಿದ್ದರೆ ನಷ್ಟ ಎರಡು ಸಲ ಎಣಿಸಿದಂತೆ.

ಮೊದಲನೆಯ ಸಾಲ ಪಾಸಾಯಿತು. ಈಗ ಬಿಸಿನೆಸ್ ಮಾಡೆಲ್, ಅಂದರೆ ಕಂಪನಿ ಹಣ ಪಡೆಯುವುದು ಸಾಲ ವಸೂಲಿಯಿಂದಲೋ ಸಾಲದ ಮಾರಾಟದಿಂದಲೋ ಎಂಬುದು. ಇದನ್ನು ಒಂದೊಂದು ಸಾಲಕ್ಕಲ್ಲ, ಸಾಲಗಳ ಗುಂಪಿಗೆ ನೋಡುತ್ತಾರೆ. ಆಡಳಿತ ಮಂಡಳಿಗೆ ಹೋಗುವ ವರದಿ ವಸೂಲಿಯದೋ ಮಾರಾಟದ ಬೆಲೆಯದೋ, ಮ್ಯಾನೇಜರ್ ಬೋನಸ್ ಯಾವುದಕ್ಕೆ, ಹಿಂದೆ ಎಷ್ಟು ಸಾಲ ಮಾರಿದ್ದಾರೆ ಎಂಬುದೇ ಸಾಕ್ಷಿ. ಹದಗೆಟ್ಟ ಸಾಲವನ್ನು ಮಾರಿದರೆ ವಸೂಲಿಯ ಮಾದರಿ ಕೆಡುವುದಿಲ್ಲ. ವಸೂಲಿಯೂ ಮಾರಾಟವೂ ಎರಡೂ ಉದ್ದೇಶವಾದರೆ, ಮೌಲ್ಯದ ಏರಿಳಿತವನ್ನು ಲಾಭ-ನಷ್ಟದ ಹೊರಗೆ ತೋರಿಸುವ ಒಸಿಐ ಎಂಬ ಮೂರನೆಯ ವರ್ಗವಿದೆ.

ಇವರದು ವಸೂಲಿಯ ಮಾದರಿ, ಹಾಗಾಗಿ ಅಮಾರ್ಟೈಸ್ಡ್ ಕಾಸ್ಟ್. 2% ಪ್ರೊಸೆಸಿಂಗ್ ಶುಲ್ಕ ಹಿಡಿದು 9,80,000 ಕೈಗೆ ಕೊಟ್ಟಿದ್ದರೆ ನಿಜವಾದ ದರ ಸುಮಾರು 9.8%. ಮೊದಲ ವರ್ಷದ ಆದಾಯ 96,040, ಕೈಗೆ ಬಂದದ್ದು 90,000. ಉಳಿದ 6,040 ಸೇರಿ ಲೆಕ್ಕದ ಪುಸ್ತಕದಲ್ಲಿ ಸಾಲದ ಮೊತ್ತ 9,86,040. ಶುಲ್ಕದ 20,000 ಪೂರ್ತಿ ಮೊದಲ ವರ್ಷವೇ ಆದಾಯದಲ್ಲಿ ಕಂಡರೆ ಲೆಡ್ಜರ್ ತಪ್ಪಿದೆ.